ಅಖಂಡವಾಗಿ ಹಾಡಿದ ಮನೆಗಳು

ನಮ್ಮ ಸೋದರತ್ತೆಯ ಗಂಟಲಿಗೆ ಕತ್ತಿ ಆಡಿಸುವುದಕ್ಕೆ ಹನ್ನೊಂದು ದಿನ ಮುಂಚೆ ನಾವು ಆ ಹಾಡನ್ನು ರೆಕಾರ್ಡ್ ಮಾಡಿದೆವು. ಹಾಡು ನನ್ನದು, ಧ್ವನಿ ಅವಳದು.

ನಾನು ಕನ್ನಡವನ್ನು ಶಾಲೆಯಲ್ಲಿ ಕಲಿತವಳಲ್ಲ. ಅಪ್ಪ ರೈಲ್ವೆ ಕೆಲಸದ ಮೇಲೆ ಮೈಸೂರಿನಿಂದ ಕಲ್ಕತ್ತೆಗೆ ಬಂದಾಗ ನನಗೆ ಎರಡು ವರ್ಷ. ಸಾರು ಕುದಿಯುವಾಗ ಅಜ್ಜಿ ಹೇಳಿದ್ದು, ಜಡೆ ಹಾಕುವಾಗ ಅತ್ತೆ ಬೈದದ್ದು, ಇಷ್ಟೇ ನನ್ನ ಕನ್ನಡ. ಆ ಇಷ್ಟರಲ್ಲೇ ನಾನು ಹಾಡು ಕಟ್ಟುತ್ತೇನೆ. ಹಗಲು ಸರ್ಕಾರಿ ಕಚೇರಿಯ ಕಡತ, ಉಳಿದ ಹೊತ್ತಿನಲ್ಲಿ ಹಾರ್ಮೋನಿಯಂ. ಇದೇ ಊರಲ್ಲಿದ್ದ ಅತ್ತೆ, ಮಾವ ತೀರಿಕೊಂಡ ಮೇಲೆ, ಜಾದವ್‌ಪುರದ ನಮ್ಮ ಮನೆಗೇ ಬಂದುಬಿಟ್ಟಳು. ನನ್ನ ಹಾಡುಗಳನ್ನು ಮೊದಲು ಕೇಳಿ ಮೂಗು ಮುರಿಯುವವಳು ಅವಳೇ, ಆಮೇಲೆ ಹಾಡುವವಳೂ ಅವಳೇ.

ಥೈರಾಯ್ಡ್ ಗ್ರಂಥಿ ತೆಗೆಯಬೇಕು, ಅದರ ಪಕ್ಕದಲ್ಲೇ ಧ್ವನಿಯ ನರ ಹಾದುಹೋಗುತ್ತದೆ, ಮೊದಲಿನ ಹಾಗೆ ಮಾತು ಬರುತ್ತದೆ ಎಂದು ಭರವಸೆ ಕೊಡಲಾರೆ ಎಂದು ಡಾಕ್ಟರು ಹೇಳಿದ ದಿನ, ನಾವಿಬ್ಬರೂ ಆಸ್ಪತ್ರೆಯ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುತ್ತ ನಿಂತಿದ್ದೆವು. ಅತ್ತೆ ಕುಡಿಕೆ ಖಾಲಿ ಮಾಡಿ ಕೆಳಗಿಟ್ಟಳು. ಆಮೇಲೆ ಅಂದಳು:

"ನೋಡು, ಐವತ್ತು ವರ್ಷ ಹಾಡಿದೀನಿ. ಯಾರು ಕೇಳಿದ್ರು? ನಿಮ್ಮಪ್ಪ, ನಿಮ್ಮಾವ, ನೀನು, ಭಜನೆ ಮಂಡಳಿ ಹೆಂಗಸರು. ಎಲ್ಲಾ ಕೇಳಲೇಬೇಕಾದೋರು. ಚಕ್ಕುಲಿ ಕೊಡ್ತೀನಿ ಅಂತ ಕೇಳ್ತಿದ್ರು."

"ಚಕ್ಕುಲಿ ಚೆನ್ನಾಗೇ ಇರತ್ತಲ್ಲ."

"ಅದೇ ನಾನು ಹೇಳ್ತಿರೋದು. ನನ್ನ ಮುಖ ನೋಡದೋರು, ನನ್ನ ಚಕ್ಕುಲಿ ತಿನ್ನದೋರು, ಗುರುತೇ ಇಲ್ಲದೋರು ಒಬ್ಬರು ನನ್ನ ಹಾಡು ಕೇಳ್ಲಿ ಕಣೇ. ಒಬ್ಬರು ಸಾಕು. ಆಮೇಲೆ ಈ ಗಂಟಲು ಏನಾದ್ರೂ ಆಗ್ಲಿ."

ಟಾಲಿಗಂಜ್‌ನಲ್ಲಿ ದರ್ಜಿ ಅಂಗಡಿಯ ಹಿಂದೆ ಒಂದು ಕೋಣೆ. ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದು ಸದ್ದು ಅಡಗಿಸಿದ್ದಾರೆ. ಅಲ್ಲಿನ ರೆಕಾರ್ಡಿಸ್ಟ್ ಐವತ್ತು ದಾಟಿದ ಬಂಗಾಳಿ, ಸಿನಿಮಾ ಸ್ಟುಡಿಯೋಗಳಲ್ಲಿ ಡಬ್ಬಿಂಗ್ ಕೆಲಸ ಮಾಡಿ ಬಂದವರು. ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು, ಅದರ ತುಂಬ ಹಾರ್ಡ್ ಡಿಸ್ಕುಗಳು. ಆ ಬೀರುವಿನ ಕಡೆ ಬೆನ್ನು ಮಾಡಿ ಕೂರುವುದು ಅವರಿಗೆ ಹಿಡಿಸುವುದಿಲ್ಲ.

"ಇದರೊಳಗಿರೋರಲ್ಲಿ ಅರ್ಧ ಜನ ಈಗಿಲ್ಲ ದೀದಿ. ಆದರೆ ಬಟನ್ ಒತ್ತಿದರೆ ಮಾತಾಡ್ತಾರೆ. ಅವರಿಗೆ ಬೆನ್ನು ತೋರಿಸಬಾರದು," ಎಂದು ನಮ್ಮ ಮೂವರ ಹಿಂದಿ-ಬಂಗಾಳಿ ಬೆರಕೆಯಲ್ಲಿ ನಗುತ್ತ ಹೇಳಿದರು.

ಹಾಡು ಹೊಸಿಲಿನಾಚೆ ನಿಂತವಳೊಬ್ಬಳದು.

ಒಳಗೆ ಯಾರಿದ್ದೀರಿ, ದೀಪ ಹಚ್ಚಿಟ್ಟವರು,
ಹೊಸಿಲಿನಾಚೆ ನಿಂತಿದ್ದೇನೆ, ಹೆಸರು ಕೇಳಬೇಡಿ.

ಪ್ರತಿ ಸಲ "ಒಳಗೆ ಯಾರಿದ್ದೀರಿ" ಎಂದು ಪಲ್ಲವಿ ಮುಗಿದ ಮೇಲೆ ನಾನು ತಾಳದ ಒಂದು ಆವರ್ತ ಬರಿದಾಗಿ ಬಿಟ್ಟಿದ್ದೆ. ತಂಬೂರಿಯ ಸದ್ದು ಬಿಟ್ಟರೆ ಅಲ್ಲಿ ಏನಿಲ್ಲ. ರೆಕಾರ್ಡಿಸ್ಟ್‌ಗೆ ಆ ಖಾಲಿ ಜಾಗ ಚುಚ್ಚುತ್ತಿತ್ತು. "ಮಾಶಿಮಾ," ಎಂದು ಅತ್ತೆಯನ್ನು ಕರೆದರು. "ಇಲ್ಲಿ ಬಾಗಿಲು ಬಡಿದ ಸದ್ದು ಹಾಕೋಣವೇ? ಮೂರು ಸಲ, ಟಕ್ ಟಕ್ ಟಕ್. ನನ್ನ ಹತ್ತಿರ ಒಳ್ಳೆ ತೇಗದ ಬಾಗಿಲಿನದು ಇದೆ."

ಅತ್ತೆ ಹೆಡ್‌ಫೋನ್ ತೆಗೆದು ಅವರನ್ನು ನೋಡಿದಳು. "ಏನೂ ಹಾಕಬೇಡ ಅನ್ನು," ಎಂದು ನನಗೆ ಹೇಳಿದಳು. "ಪ್ರಶ್ನೆ ನಾನು ಕೇಳಿದೀನಿ. ಉತ್ತರಾನೂ ನಾವೇ ಹಾಕಿಕೊಂಡ್ರೆ ಕೇಳೋರಿಗೆ ಏನು ಉಳೀತು?"

ಆ ದಿನ ಅವಳು ಹಾಡಿದ್ದು ನೆನೆದರೆ ನನಗೆ ಇನ್ನೂ ಮೈ ಜುಂ ಎನ್ನುತ್ತದೆ. ಎರಡನೆಯ ಸಲಕ್ಕೇ ಮುಗಿಯಿತು.

ಹಾಡನ್ನು ಲೋಕಕ್ಕೆ ಬಿಡುವ ವಿದ್ಯೆಯನ್ನು ರೆಕಾರ್ಡಿಸ್ಟ್ ನನಗೆ ಕಲಿಸಿದರು. ಹಾಡು ಕೇಳಿಸುವ ಆ್ಯಪುಗಳಿಗೆ ನಮ್ಮಂಥವರು ನೇರವಾಗಿ ಹಾಡು ಕೊಡಲಾಗದು. ನಡುವೆ ಡಿಸ್ಟ್ರಿಬ್ಯೂಟರ್ ಎಂಬ ಕಂಪನಿ ಇರುತ್ತದೆ. ವರ್ಷಕ್ಕಿಷ್ಟು ಎಂದು ಕಟ್ಟಿದರೆ ಅವರು ನಮ್ಮ ಹಾಡನ್ನು ಎಲ್ಲ ಆ್ಯಪುಗಳಿಗೂ ತಲುಪಿಸುತ್ತಾರೆ. ಹಾಡಿನ ಕಡತವನ್ನು ಕುಗ್ಗಿಸದೆ ಪೂರ್ತಿ ಗುಣಮಟ್ಟದಲ್ಲಿ ಕೊಡಬೇಕು, ಚೌಕಾಕಾರದ ಮುಖಚಿತ್ರ ಬೇಕು, ಬರೆದವರು, ರಾಗ ಹಾಕಿದವರು, ಹಾಡಿದವರು ಯಾರೆಂದು ಸರಿಯಾದ ಹೆಸರು ತುಂಬಬೇಕು. ಪ್ರತಿ ಹಾಡಿಗೂ ಅದರದೇ ಒಂದು ಸಂಕೇತ ಸಂಖ್ಯೆ ಸಿಗುತ್ತದೆ, ಆಧಾರ್ ಇದ್ದ ಹಾಗೆ. ಬಿಡುಗಡೆಯ ದಿನವನ್ನು ನಾಲ್ಕು ವಾರ ಮುಂದಕ್ಕೆ ಇಟ್ಟುಕೊಳ್ಳಿ ಎಂದರು. ಆ್ಯಪಿನವರ ಸಂಪಾದಕರಿಗೆ, "ಇಂಥ ಹಾಡು ಬರುತ್ತಿದೆ, ನಿಮ್ಮ ಪಟ್ಟಿಯಲ್ಲಿ ಸೇರಿಸಿ" ಎಂದು ಮೊದಲೇ ಬರೆಯಲು ಅಷ್ಟು ಸಮಯ ಬೇಕಂತೆ. ಬರೆದೆ. ಉತ್ತರ ಬರಲಿಲ್ಲ. ಬರುವುದೂ ಅಪರೂಪವಂತೆ.

"ದುಡ್ಡಿನ ಆಸೆ ಇದ್ದರೆ ಈಗಲೇ ಬಿಡಿ," ಎಂದೂ ಹೇಳಿದರು. "ಮೂವತ್ತು ಸೆಕೆಂಡು ಕೇಳಿದರೆ ಒಂದು ಲೆಕ್ಕ. ಒಂದಕ್ಕೆ ಇಷ್ಟು ಎಂಬ ದರವೇ ಇಲ್ಲ. ಆ್ಯಪಿಗೆ ಬಂದದ್ದನ್ನು ಎಲ್ಲ ಹಾಡುಗಳಿಗೂ ಪಾಲು ಹಾಕ್ತಾರೆ. ನಮ್ಮ ದೇಶದಲ್ಲಿ ನಮ್ಮಂಥವರ ಪಾಲಿಗೆ ಕೆಲವು ಪೈಸೆ ಬರುತ್ತೆ, ಅದೂ ಎರಡು ಮೂರು ತಿಂಗಳು ತಡವಾಗಿ. ಒಂದು ದೊಡ್ಡ ಆ್ಯಪಿನಲ್ಲಂತೂ ವರ್ಷದೊಳಗೆ ಸಾವಿರ ಸಲ ಕೇಳದಿದ್ದರೆ ಆ ಪೈಸೆಯೂ ಇಲ್ಲ."

"ನಮಗೆ ಒಬ್ಬರು ಬೇಕು ದಾದಾ. ಗುರುತಿಲ್ಲದ ಒಬ್ಬರು."

ಅವರು ತಲೆ ಕೆರೆದುಕೊಂಡರು. "ಅದು ಸಾವಿರಕ್ಕಿಂತ ಕಷ್ಟ."

ಕೇಳುಗರನ್ನು ಒಬ್ಬೊಬ್ಬರಾಗಿ ಕೂಡಿಸಬೇಕು ಎಂದರು. ಹಾಡಿನ ಒಂದು ತುಣುಕನ್ನು ಪುಟ್ಟ ವಿಡಿಯೋ ಮಾಡಿ ಹಾಕುತ್ತಲೇ ಇರಬೇಕು. ಇಂಥ ಹಾಡುಗಳನ್ನು ಇಷ್ಟಪಟ್ಟು ಪಟ್ಟಿ ಮಾಡುವವರನ್ನು ಹುಡುಕಿ ವಿನಯವಾಗಿ ಕೇಳಬೇಕು. ಕೇಳಿದವರು ಅದನ್ನು ತಮ್ಮ ಸಂಗ್ರಹದಲ್ಲಿ ಉಳಿಸಿಕೊಂಡರೆ, ನಡುವೆ ಬಿಟ್ಟು ಹೋಗದಿದ್ದರೆ, ಆ್ಯಪಿನ ಯಂತ್ರ ಅದನ್ನು ಗಮನಿಸಿ ಅದೇ ಅಭಿರುಚಿಯ ಇನ್ನೊಬ್ಬರ ಕಿವಿಗೆ ತಾನಾಗಿ ಹಾಕುತ್ತದೆ. "ಹತ್ತು ಸಾವಿರ ಸಲ ಕೇಳಿಸಿಕೊಡ್ತೀವಿ ಅಂತ ಮೆಸೇಜ್ ಬರುತ್ತೆ. ಹತ್ತಿರ ಸೇರಿಸಬೇಡಿ. ಅವು ಕಿವಿಗಳಲ್ಲ."

ಈ ಮಾತನ್ನೆಲ್ಲ ನಾನು ಶನಿವಾರದ ಭಜನೆ ಮಂಡಳಿಯಲ್ಲಿ ಹೇಳಿದೆ. ಮಂಡಳಿ ಎಂದರೆ ಟಾಲಿಗಂಜ್-ಜಾದವ್‌ಪುರದ ಸುತ್ತ ನಮ್ಮ ಮನೆ ಬಿಟ್ಟು ಇರುವ ಹನ್ನೆರಡು ಕನ್ನಡ ಮನೆಗಳ ಹೆಂಗಸರು, ಬ್ಯಾಂಕು, ರೈಲ್ವೆ, ಕಾರ್ಖಾನೆಯವರ ಮನೆಯವರು. ನಾನು ಎಲ್ಲ ಹೇಳಿದೆ, ಆದರೆ ಅವರಿಗೆ ನೆನಪಿನಲ್ಲಿ ಉಳಿದದ್ದು ಒಂದೇ ಮಾತು: ಹೆಚ್ಚು ಸಲ ಕೇಳಿದಷ್ಟೂ ಒಳ್ಳೆಯದು.

ಆಪರೇಷನ್ ಆಯಿತು. ಗ್ರಂಥಿ ಹೋಯಿತು, ಜೊತೆಗೆ ಧ್ವನಿಯೂ ಹೋಯಿತು. ಗಾಯ ಮಾಗಿದ ಮೇಲೂ ಅತ್ತೆಯ ಬಾಯಿಂದ ಬರುತ್ತಿದ್ದುದು ಒಣ ಎಲೆ ನೆಲದ ಮೇಲೆ ಸರಿದಂಥ ಉಸಿರು ಮಾತ್ರ. ಮನೆ ಏಕಾಏಕಿ ನಿಶ್ಶಬ್ದವಾಯಿತು. ಅಡುಗೆಮನೆಯಲ್ಲಿ ಅವಳಿದ್ದಾಳೋ ಇಲ್ಲವೋ ಎಂದು ಇಣುಕಿ ನೋಡಬೇಕಾಗುತ್ತಿತ್ತು.

ಹಾಡು ಬಿಡುಗಡೆಯಾದದ್ದು ಅವಳು ಮನೆಗೆ ಬಂದ ಮೂರನೆಯ ವಾರ. ಫೋನಿನಲ್ಲಿ ಹಾಕಿದೆ. ಅತ್ತೆ ಅರ್ಧ ಕೇಳಿ ಎದ್ದು ಹೋಗಿ ಬಾಗಿಲ ಹತ್ತಿರ ನಿಂತಳು.

"ಯಾಕತ್ತೆ?"

"ಅವಳು ಒಳಗೆ ಕೂತ್ಕೊಂಡ್ಲು," ಎಂದು ಪಿಸುಗುಟ್ಟಿದಳು. "ನಾನು ಹೊರಗಾದೆ."

ಕಲಾವಿದರಿಗೆಂದು ಆ್ಯಪಿನಲ್ಲಿ ಒಂದು ಪುಟ ಇರುತ್ತದೆ. ಎಷ್ಟು ಜನ ಕೇಳಿದರು, ಎಷ್ಟು ಸಲ, ಯಾವ ಊರಿಂದ ಎಂದು ತೋರಿಸುತ್ತದೆ. ಮೊದಲ ವಾರ ಹನ್ನೊಂದು ಜನ. ಎಲ್ಲ ಕೋಲ್ಕತ್ತ, ಮೈಸೂರು. ಎಲ್ಲರನ್ನೂ ಬೆರಳು ಮಡಚಿ ಹೇಳಬಹುದಿತ್ತು. ಎರಡನೆಯ ವಾರ ಗೆರೆ ಎದ್ದಿತು. ದಿನಕ್ಕೆ ಮುನ್ನೂರು ಚಿಲ್ಲರೆ. ಸ್ವಲ್ಪ ದಿನಕ್ಕೆ ಅದರ ಎರಡರಷ್ಟು. ನಾನು ಓಡಿಹೋಗಿ ಅತ್ತೆಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ಬಹಳ ಹೊತ್ತು ಆ ಗೆರೆಯನ್ನೇ ನೋಡಿದಳು.

"ಇವರಲ್ಲಿ ಒಬ್ಬರಾದ್ರೂ ಗುರುತಿಲ್ಲದೋರು ಇರ್ತಾರಲ್ವೇನೇ?"

"ಇಷ್ಟರಲ್ಲಿ ಒಬ್ಬರು ಇರೋದಿಲ್ವೆ ಅತ್ತೆ?"

ಆ ವಾರ ಅವಳು ಧ್ವನಿಯಿಲ್ಲದಿದ್ದರೂ ಬಾಯಿ ಆಡಿಸುತ್ತ ಪಾತ್ರೆ ತೊಳೆದಳು.

ಆದರೆ ನನಗೆ ಒಳಗೊಳಗೇ ಏನೋ ಸರಿಯೆನಿಸಲಿಲ್ಲ. ಗೆರೆ ದಿನವೂ ಒಂದೇ ಎತ್ತರ. ಸೋಮವಾರ, ಭಾನುವಾರ, ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತು ಊರೇ ಮನೆಯಲ್ಲಿ ಕುಳಿತ ದಿನ, ಎಲ್ಲ ಒಂದೇ. "ಇದನ್ನು ಕೇಳುವವರು ಇವನ್ನೂ ಕೇಳುತ್ತಾರೆ" ಎಂಬ ಜಾಗದಲ್ಲಿ ಬೇರೆ ಹಾಡುಗಾರರು ಇರಬೇಕಿತ್ತು. ಅಲ್ಲಿದ್ದದ್ದು ರಾತ್ರಿಯಿಡೀ ಸುರಿವ ಮಳೆಯ ಸದ್ದು, ಫ್ಯಾನಿನ ಸದ್ದು, ಮಗು ಮಲಗಿಸುವ ಗುಂಯ್‌ಗುಡುವಿಕೆ. ಮನುಷ್ಯರಿಲ್ಲದ ಸದ್ದುಗಳ ನಡುವೆ ನಮ್ಮತ್ತೆಯ ಮುಖಚಿತ್ರ.

ರೆಕಾರ್ಡಿಸ್ಟ್‌ಗೆ ತೋರಿಸಿದೆ. ಅವರ ಮುಖ ಗಂಭೀರವಾಯಿತು.

"ದೀದಿ, ಮನುಷ್ಯರು ಕೇಳಿದರೆ ಗೆರೆಯಲ್ಲಿ ಹಬ್ಬ ಇರುತ್ತೆ, ಸೋಮಾರಿತನ ಇರುತ್ತೆ. ಇದು ಅಡಿಪಟ್ಟಿ ಇಟ್ಟು ಎಳೆದ ಹಾಗಿದೆ. ಕೇಳೋರು ಎಷ್ಟು ಜನ?"

"ಹದಿನಾಲ್ಕು."

"ಹದಿನಾಲ್ಕು ಜನ, ಇಷ್ಟು ಸಾವಿರ ಸಲ." ಅವರು ಬೀರುವಿನ ಕಡೆ ಒಮ್ಮೆ ನೋಡಿ ಕುರ್ಚಿ ತಿರುಗಿಸಿಕೊಂಡರು. "ಈ ಗೆರೆಗೆ ಉಸಿರಿಲ್ಲ. ದುಡ್ಡು ಕೊಟ್ಟು ಏನಾದರೂ ಮಾಡಿಸಿದಿರಾ?"

ಇಲ್ಲ ಎಂದೆ. ಎರಡು ದಿನಕ್ಕೆ ಡಿಸ್ಟ್ರಿಬ್ಯೂಟರ್ ಕಂಪನಿಯಿಂದಲೂ ಅದೇ ಮಾತು ಪತ್ರವಾಗಿ ಬಂತು. ನಿಮ್ಮ ಹಾಡಿಗೆ ಕೃತಕ ಕೇಳುವಿಕೆ ಪತ್ತೆಯಾಗಿದೆ, ಹೀಗೇ ಮುಂದುವರಿದರೆ ಹಾಡನ್ನು ತೆಗೆದುಹಾಕಲಾಗುವುದು. ನೀವೇ ಮಾಡಿರಲಿ, ಬೇರೆಯವರು ಮಾಡಿರಲಿ, ಹೊಣೆ ನಿಮ್ಮದೇ.

ಅತ್ತೆಗೆ ಆ ಪತ್ರದ ವಿಷಯ ಹೇಳಲಿಲ್ಲ. ಅವಳ ಧ್ವನಿ ಲೋಕದಲ್ಲಿ ಓಡಾಡುತ್ತಿದ್ದದ್ದು ಆ ಒಂದೇ ದಾರಿಯಲ್ಲಿ. ಅದೂ ಮುಚ್ಚಿದರೆ ಅವಳಿಗೆ ಏನೂ ಉಳಿಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಮಂಡಳಿಯ ಹಿರಿಯಮ್ಮನ ಮನೆಗೆ ಹೋದೆ. ನಿವೃತ್ತ ಅಧಿಕಾರಿಯ ಹೆಂಡತಿ, ನಮ್ಮೆಲ್ಲರಿಗೂ ತಾಳ ಹಾಕಿಕೊಡುವವರು. ಹಾಡನ್ನು ಯಾರಿಗಾದರೂ ಕೊಟ್ಟಿದ್ದೀರಾ ಎಂದು ಕೇಳುವುದಿತ್ತು. ಬಾಗಿಲು ಅರ್ಧ ತೆರೆದಿತ್ತು. ಹಾಲ್‌ನಲ್ಲಿ ಯಾರೂ ಇಲ್ಲ. ಕರೆದೆ, ಉತ್ತರವಿಲ್ಲ. ಅಷ್ಟರಲ್ಲಿ ಒಳಗಿನಿಂದ ನಮ್ಮತ್ತೆಯ ಧ್ವನಿ, ಆಪರೇಷನ್ನಿಗೆ ಮುಂಚಿನ ತುಂಬು ಧ್ವನಿ, ಕೇಳಿತು.

ಒಳಗೆ ಯಾರಿದ್ದೀರಿ.

ಆಮೇಲೆ ಆ ಬರಿದು ಆವರ್ತ. ನಾನು ಹಾಲ್‌ನ ನಡುವೆ ನಿಂತುಬಿಟ್ಟೆ. ಅತ್ತೆಯನ್ನು ಈಗತಾನೇ ಮನೆಯಲ್ಲಿ, ಹುಣಸೆಹಣ್ಣು ಬಿಡಿಸುತ್ತ ಕೂತಿದ್ದವಳನ್ನು, ಬಿಟ್ಟು ಬಂದಿದ್ದೆ. ದೇವರ ಮನೆಯಲ್ಲಿ ದೀಪ ಉರಿಯುತ್ತಿತ್ತು. ದೀಪದ ಎದುರು ಮಣೆ, ಮಣೆಯ ಮೇಲೆ ಹಿತ್ತಾಳೆ ಚೊಂಬಿಗೆ ಒರಗಿಸಿಟ್ಟ ಫೋನು. ಅದಕ್ಕೊಂದು ಹೂವು ಕೂಡ ಇಟ್ಟಿದ್ದರು. ಆ ಕೋಣೆಯಲ್ಲಿ ಜೀವವಿರುವುದು ಯಾವುದೂ ಇರಲಿಲ್ಲ. ಹಾಡು ಮುಗಿಯಿತು, ತಾನೇ ಮತ್ತೆ ಶುರುವಾಯಿತು.

ಹಿರಿಯಮ್ಮ ತಾರಸಿಯಿಂದ ಒಣಗಿದ ಬಟ್ಟೆ ಹೊತ್ತು ಬಂದರು.

"ಓ, ನೀನಾ. ಕೂತ್ಕೋಮ್ಮ. ನಮ್ಮ ಪಾಳಿ ನಡೀತಿದೆ, ನಾಲ್ಕು ಗಂಟೆವರೆಗೆ."

"ಯಾವ ಪಾಳಿ ಮಾಮಿ?"

"ಅಖಂಡ," ಎಂದರು, ನನಗೆ ಇಷ್ಟೂ ತಿಳಿಯದೇ ಎಂಬಂತೆ. "ಹನ್ನೆರಡು ಮನೆ, ಒಂದೊಂದು ಮನೆಗೆ ಎರಡೆರಡು ಗಂಟೆ. ನಿಮ್ಮತ್ತೆಗೆ ಗಂಟಲು ಬರ್ಲಿ ಅಂತ ಒಂದು, ಹಾಡು ಮೇಲೆ ಬರ್ಲಿ ಅಂತ ಇನ್ನೊಂದು. ಒಬ್ಬರದ್ದು ಮುಗಿಯೋ ಮುಂಚೆ ಇನ್ನೊಬ್ಬರು ಶುರು ಮಾಡಬೇಕು. ಹಾಡು ಕಡೀಬಾರದು. ನಿಮ್ಮತ್ತೆಗೆ ಹೇಳಬೇಡ, ಸಂಕಲ್ಪ ಹೇಳಿದ್ರೆ ಫಲ ಹೋಗತ್ತೆ."

ಊರಲ್ಲಿ ಅಖಂಡ ಭಜನೆ ಎಂದರೆ ಹೀಗೆಯೇ. ಏಳು ದಿನ ಹಗಲೂ ರಾತ್ರಿ ಪಾಳಿಯ ಮೇಲೆ ಹಾಡಬೇಕು, ಹಾಡು ಕಡಿಯಬಾರದು, ದೀಪ ಆರಬಾರದು. ಮಂಡಳಿಯಲ್ಲಿದ್ದ ಮಂಗಳೂರಿನ ಕಡೆಯ ಕ್ರೈಸ್ತ ಅಕ್ಕನೂ "ನಮ್ಮಲ್ಲಿ ಜಪಮಾಲೆ ಇಲ್ಲವೇ" ಎಂದು ಬೆಳಗಿನ ಜಾವದ ಪಾಳಿಯನ್ನು ತಾನೇ ಕೇಳಿ ತೆಗೆದುಕೊಂಡಿದ್ದಳಂತೆ. ಹಾಡುವ ಕೆಲಸವನ್ನು ಫೋನೇ ಮಾಡುವುದರಿಂದ ಇವರು ಅಡುಗೆ, ಬಟ್ಟೆ, ನಿದ್ದೆ ಎಲ್ಲ ಮಾಡಿಕೊಂಡೇ ಇದ್ದರು. ಯಾರೂ ಕೇಳುತ್ತಿರಲಿಲ್ಲ. ಊರ ತುಂಬ ಖಾಲಿ ಕೋಣೆಗಳಲ್ಲಿ ನಮ್ಮತ್ತೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿ ಒಳಗೆ ಯಾರಿದ್ದೀರಿ ಎಂದು ಕೇಳುತ್ತಿದ್ದಳು. ಒಳಗೆ ಯಾರೂ ಇರಲಿಲ್ಲ.

ಬೈಯಲು ಬಾಯಿ ಬರಲಿಲ್ಲ. ಅಷ್ಟು ಪ್ರೀತಿಯಿಂದ ಮಾಡಿದ್ದರು. ಯಂತ್ರಕ್ಕೆ ಅದು ಮೋಸದ ಹಾಗೆ ಕಾಣುತ್ತದೆ, ಹಾಡನ್ನೇ ಕಿತ್ತುಹಾಕುತ್ತಾರೆ ಎಂದು ನಿಧಾನವಾಗಿ ಬಿಡಿಸಿ ಹೇಳಿದೆ. ಹಿರಿಯಮ್ಮ ಬಟ್ಟೆ ಮಡಚುವುದನ್ನು ನಿಲ್ಲಿಸಿದರು.

"ಮನಸ್ಸಿಟ್ಟು ಮಾಡಿದ್ದು ಅಂತ ಅದಕ್ಕೆ ಗೊತ್ತಾಗಲ್ವೆ?"

"ಗೊತ್ತಾಗಲ್ಲ ಮಾಮಿ."

"ದರಿದ್ರದ್ದು," ಎಂದು ದೀಪಕ್ಕೆ ಕೈಮುಗಿದು ಫೋನು ತೆಗೆದರು. ಸಂಜೆಯೊಳಗೆ ಎಲ್ಲ ಮನೆಗಳಿಗೂ ಸುದ್ದಿ ಹೋಯಿತು. ಅಖಂಡ ನಿಂತಿತು.

ಒಂದು ದಿನ ಬಿಟ್ಟು ಪುಟ ತೆರೆದೆ. ಗೆರೆ ಇಳಿದಿತ್ತು. ಆದರೆ ಸೊನ್ನೆಗಲ್ಲ. ಸರಿಯಾಗಿ ಅರ್ಧಕ್ಕೆ. ಮರುದಿನವೂ ಅಷ್ಟೇ. ಅದರ ಮರುದಿನವೂ. ಯಾರೋ ಒಬ್ಬರು, ಕೋಲ್ಕತ್ತದಲ್ಲೇ, ಹಗಲೂ ರಾತ್ರಿ ಒಂದು ಕ್ಷಣ ಬಿಡದೆ ಕೇಳುತ್ತಿದ್ದರು. ಹನ್ನೆರಡು ಮನೆಗಳಿಗೂ ಫೋನು ಮಾಡಿದೆ. ಹನ್ನೊಂದು ಮನೆಯವರು ಆಣೆ ಮಾಡಿ ನಿಲ್ಲಿಸಿದ್ದೇವೆ ಎಂದರು. ಹನ್ನೆರಡನೆಯ ಮನೆಯವರ ಫೋನು ಹತ್ತುತ್ತಲೇ ಇರಲಿಲ್ಲ. ಆ ದಂಪತಿ ಮೊಮ್ಮಗಳ ಬಾಣಂತನಕ್ಕೆಂದು ಮಡಿಕೇರಿಯಾಚೆ ಎಲ್ಲೋ ಹೋಗಿ ಮೂರು ವಾರವಾಗಿತ್ತು.

"ಹೋಗೋ ಮುಂಚೆ ಆ ಹೆಂಗಸು ಬಹಳ ಕೊರಗಿದ್ಲು," ಎಂದರು ಹಿರಿಯಮ್ಮ. "ನಮ್ಮ ಪಾಳಿ ತಪ್ಪತ್ತೆ, ಅಪಚಾರ ಆಗತ್ತೆ ಅಂತ. ಏನು ಮಾಡಿ ಹೋದ್ಲೋ."

ಆ ಮನೆಯ ಬೀಗದ ಕೈ ಇದ್ದದ್ದು ನಮ್ಮತ್ತೆಯ ಹತ್ತಿರವೇ, ಅವರು ಊರಿಗೆ ಹೋದಾಗಲೆಲ್ಲ ತುಳಸಿಗೆ ನೀರು ಹಾಕಲು. ಈ ಸಲ ಆಪರೇಷನ್ ಆದವಳಿಗೆ ಮೆಟ್ಟಿಲು ಬೇಡವೆಂದು ತುಳಸಿಯನ್ನು ನಮ್ಮ ಮನೆಗೇ ತಂದಿಟ್ಟುಕೊಂಡದ್ದರಿಂದ ಆ ಕಡೆ ಯಾರೂ ಹೋಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಮೂರರ ಹೊತ್ತಿಗೆ ಹೋದೆ. ಟಾಲಿಗಂಜ್‌ನ ಮೆಟ್ರೋ ನಿಲ್ದಾಣದಿಂದ ಹತ್ತು ನಿಮಿಷ, ಹಳೆಯ ಹೌಸಿಂಗ್ ಕಟ್ಟಡ, ಮೂರನೆಯ ಮಹಡಿ. ಊಟ ಮುಗಿಸಿ ಇಡೀ ಕಟ್ಟಡ ನಿದ್ದೆ ಹೋಗಿತ್ತು. ಮೆಟ್ಟಿಲಿನಲ್ಲಿ ಮೀನಿನ ಸಾರಿನ ಆರಿದ ವಾಸನೆ. ಬೀಗ ತೆಗೆದಾಗ ಮುಚ್ಚಿಟ್ಟ ಮನೆಯ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಕಿಟಕಿಗಳೆಲ್ಲ ಮುಚ್ಚಿ ಒಳಗೆ ಮಬ್ಬು. ಮಲಗುವ ಕೋಣೆಯಿಂದ ಸಣ್ಣಗೆ, ಬಹಳ ಸಣ್ಣಗೆ, ಅತ್ತೆ ಹಾಡುತ್ತಿದ್ದಳು.

ಗೋಡೆಗೆ ತಾಗಿದ ಮೇಜಿನ ಮೇಲೆ ಟ್ಯಾಬ್ಲೆಟ್, ಚಾರ್ಜರಿಗೆ ಸಿಕ್ಕಿಸಿದ್ದು. ಪಕ್ಕದಲ್ಲಿ ಒಣಗಿ ಕಪ್ಪಾದ ದಾಸವಾಳ. ಟ್ಯಾಬ್ಲೆಟ್ಟಿನ ಹಿಂಬದಿ ಮುಟ್ಟಿದರೆ ಜ್ವರ ಬಂದ ಹಾಗೆ ಬಿಸಿ. ಮೂರು ವಾರ ಈ ಕತ್ತಲೆಯಲ್ಲಿ ಒಬ್ಬಳೇ ಹಾಡಿದ್ದಾಳೆ ಎಂದುಕೊಂಡೆ. ಆರಿಸಲು ಬೆರಳು ಚಾಚಿದೆ.

ಒಳಗೆ ಯಾರಿದ್ದೀರಿ, ಎಂದಳು ಅತ್ತೆ.

ಬರಿದು ಆವರ್ತದಲ್ಲಿ, ಟಕ್ ಟಕ್ ಟಕ್.

ನನ್ನ ಬೆರಳು ಅಲ್ಲೇ ನಿಂತಿತು. ಆ ಸದ್ದು ಹಾಡಿನಲ್ಲಿಲ್ಲ. ಅಲ್ಲಿ ಏನೂ ಹಾಕಿಲ್ಲ, ನಾನೇ ಕೂತು ಕೇಳಿದ್ದೆ. ಚರಣ ಹೋಯಿತು, ಮತ್ತೆ ಪಲ್ಲವಿ ಬಂತು. ಒಳಗೆ ಯಾರಿದ್ದೀರಿ. ಸರಿಯಾಗಿ ತಾಳಕ್ಕೆ, ಟಕ್ ಟಕ್ ಟಕ್. ಹೆದರಿ ಟ್ಯಾಬ್ಲೆಟ್ ಆರಿಸಿದೆ. ಕೋಣೆ ನಿಶ್ಶಬ್ದವಾಯಿತು. ಒಂದು ನಿಮಿಷ ಕಳೆದಿರಬೇಕು. ಮತ್ತೆ ಬಡಿಯಿತು, ಈ ಸಲ ತಾಳವಿಲ್ಲದೆ, ಅವಸರವಾಗಿ, ಕರೆಯುವ ಹಾಗೆ. ಮೇಜಿನ ಹಿಂದಿನ ಗೋಡೆಯಿಂದ.

ಓಡಿ ಹೋಗಬೇಕೆನಿಸಿತು. ಆದರೆ ಅತ್ತೆ ಅಂದದ್ದು ನೆನಪಾಯಿತು, ಉತ್ತರ ಕೇಳುವವರದು ಎಂದು. ನಾನು ಬೆರಳ ಗೆಣ್ಣಿನಿಂದ ಗೋಡೆಯನ್ನು ಮೂರು ಸಲ ಬಡಿದೆ. ಆ ಕಡೆಯಿಂದ ಒಂದು ಮುದಿ ಧ್ವನಿ ಬಂಗಾಳಿಯಲ್ಲಿ ಅಂದದ್ದು ಮಸುಕಾಗಿ ಕೇಳಿತು: "ಇದ್ದೀಯಾ? ಇದ್ದೀಯೇನಮ್ಮಾ?"

ಪಕ್ಕದ ಮನೆಯ ಗಂಟೆ ಒತ್ತಿದೆ. ಕಣ್ಣುಜ್ಜುತ್ತ ಬಂದವರು ಆ ಮನೆಯ ಮಗ. ನಾನು ಗೋಡೆಯ ಮಾತೆತ್ತಿದ ಕೂಡಲೇ ಅವರು ಸಂಕೋಚದಿಂದ ಕೈ ಜೋಡಿಸಿದರು.

"ಕ್ಷಮಿಸಿ. ಅಮ್ಮ ಹಾಸಿಗೆ ಹಿಡಿದು ವರ್ಷವಾಯ್ತು. ಇತ್ತೀಚೆಗೆ ತಲೆಯೂ ಸರಿಯಿಲ್ಲ. ಪಕ್ಕದ ಖಾಲಿ ಮನೆಯಲ್ಲಿ ಯಾರೋ ಹೆಂಗಸನ್ನು ಕೂಡಿಹಾಕಿದ್ದಾರೆ, ಹಗಲೂ ರಾತ್ರಿ ಕರೀತಾಳೆ ಅಂತಾರೆ. ಡಾಕ್ಟರಿಗೂ ತೋರಿಸಿದೆವು, ಮಾತ್ರೆ ಕೊಟ್ಟಿದ್ದಾರೆ."

"ನಿಮ್ಮ ತಾಯಿಯ ತಲೆ ಸರಿಯಾಗಿದೆ," ಎಂದೆ. ಟ್ಯಾಬ್ಲೆಟ್ ತಂದು ತೋರಿಸಿ ಎಲ್ಲ ಹೇಳಿದೆ. ಅವರು ಬಾಗಿಲ ಚೌಕಟ್ಟಿಗೆ ಒರಗಿದರು.

"ನಾವು ಅವರ ಮಾತಿಗೆ ಕಿವಿ ಕೊಡಲಿಲ್ಲ," ಎಂದು ನನ್ನನ್ನು ಒಳಗೆ ಕರೆದೊಯ್ದರು.

ಗೋಡೆಗೆ ತಾಗಿಯೇ ಮಂಚ. ತೀರ ಸಣ್ಣ ದೇಹದ ಅಜ್ಜಿ, ಕೈಯಲ್ಲಿ ಒಂದೇ ಬಿಳಿ ಶಂಖದ ಬಳೆ. ಬಡಿದದ್ದು ಅದರಿಂದಲೇ. ಟ್ಯಾಬ್ಲೆಟ್ಟಿನ ಸದ್ದು ಎಷ್ಟು ಸಣ್ಣದೆಂದರೆ ಆ ಹಾಸಿಗೆಯಲ್ಲಿ ಆ ಗೋಡೆಗೆ ಕಿವಿಯಿಟ್ಟು ಮಲಗಿದವರಿಗೆ ಮಾತ್ರ ಕೇಳಿಸುವಷ್ಟು.

"ಅವಳು ಎಲ್ಲಿ?" ಎಂದು ನನ್ನನ್ನು ಕೇಳಿದರು. "ಏನೋ ಕೇಳ್ತಾಳೆ, ಆಮೇಲೆ ಕಾಯ್ತಾಳೆ. ಭಾಷೆ ಬರೋದಿಲ್ಲ ನನಗೆ. ಕಾಯ್ತಾಳಲ್ಲ, ಪಾಪ. ಅದಕ್ಕೆ ನಾನು ಇದ್ದೀನಿ ಅಂತ ಬಡಿದು ಹೇಳ್ತಿದ್ದೆ."

ಆ ತಿಂಗಳ ಕೊನೆಗೆ ಆ್ಯಪಿನವರು ಕೃತಕವೆಂದು ಕಂಡದ್ದನ್ನೆಲ್ಲ ಹೊಡೆದುಹಾಕಿದರು. ಹಾಡು ಉಳಿಯಿತು, ಎರಡನೆಯ ಎಚ್ಚರಿಕೆ ಬರಲಿಲ್ಲ. ಲೆಕ್ಕ ಮಾತ್ರ ನಲವತ್ತೊಂದಕ್ಕೆ ಬಂದು ನಿಂತಿತು. ಕೇಳಿದವರು ಹದಿನಾಲ್ಕು ಜನ, ಹದಿನಾಲ್ಕೂ ಚಕ್ಕುಲಿ ತಿಂದವರೇ. ಪೈಸೆಯ ಮಾತು ಹಾಗಿರಲಿ, ಸಾವಿರದ ಹೊಸಿಲು ಬಹಳ ದೂರ ಉಳಿಯಿತು. ಗೋಡೆಯಾಚೆಯ ಒಂದು ಜೋಡಿ ಕಿವಿಯನ್ನು ಯಾವ ಪುಟವೂ ತೋರಿಸುವುದಿಲ್ಲ.

ಅದಕ್ಕೂ ಮುಂಚೆ, ಆ ಭಾನುವಾರ ಸಂಜೆಯೇ ಅತ್ತೆಗೆ ಎಲ್ಲ ಹೇಳಿಬಿಟ್ಟೆ: ಪತ್ರ, ಅಖಂಡ, ಗೋಡೆ. ಹಿರಿಯಮ್ಮನ ಸಂಕಲ್ಪದ ಫಲ ಹೋದರೆ ಹೋಗಲಿ ಎಂದುಕೊಂಡೆ. ಅತ್ತೆ ಅಖಂಡದ ವಿಷಯ ಬಂದಾಗ ಹಣೆ ಚಚ್ಚಿಕೊಂಡಳು. ಗೋಡೆಯ ವಿಷಯ ಬಂದಾಗ ಹುಣಸೆಹಣ್ಣಿನ ತಟ್ಟೆ ಪಕ್ಕಕ್ಕಿಟ್ಟಳು.

ಮರುದಿನ ಕಚೇರಿಗೆ ರಜೆ ಹಾಕಿ ಕರೆದುಕೊಂಡು ಹೋದೆ. ಅತ್ತೆ ಮಂಚದ ಪಕ್ಕ ಕುರ್ಚಿಯಲ್ಲಿ ಕೂತಳು. ಅಜ್ಜಿ ಅವಳ ಕುತ್ತಿಗೆಯ ಗಾಯದ ಗೆರೆ ನೋಡಿದರು, ಮುಖ ನೋಡಿದರು.

"ಇವರೇ ಹಾಡಿದ್ದು," ಎಂದೆ.

"ಹಾಡ್ಲಿ ಹಾಗಾದ್ರೆ."

ಅತ್ತೆ ಬಾಯಿ ತೆರೆದಳು. ಉಸಿರು ಬಂತು. ಮುಚ್ಚಿಕೊಂಡಳು. ಆ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಕಾದರು. ಆಮೇಲೆ ಕಣ್ಣು ಮುಚ್ಚಿ ತಾವೇ ಶುರು ಮಾಡಿದರು. ಮಾತು ಕನ್ನಡವೂ ಅಲ್ಲ, ಬಂಗಾಳಿಯೂ ಅಲ್ಲ, ಗೋಡೆಯಲ್ಲಿ ಸೋಸಿ ಬಂದಷ್ಟು ಮಾತ್ರ. ಆದರೆ ರಾಗ ಅದೇ. ಅತ್ತೆ ಕೊನೆಯ ಸ್ವರಕ್ಕೆ ಕೊಡುವ ಸಣ್ಣ ತೂಗು, ನನ್ನಿಂದ ಎಂದೂ ಆಗದ್ದು, ಅದೂ ಹಾಗೇ ಬಂತು. ಪಲ್ಲವಿ ಮುಗಿಸಿ ಅಜ್ಜಿ ನಿಲ್ಲಿಸಿದರು. ಒಂದು ಆವರ್ತ ಬರಿದಾಗಿ ಬಿಟ್ಟು ಕಾದರು.

ಅತ್ತೆ ಕೈ ಚಾಚಿ ಗೋಡೆಯನ್ನು ಬಡಿದಳು, ಮೂರು ಸಲ.

ವಾಪಸು ಆಟೋದಲ್ಲಿ ಅವಳು ಜಾದವ್‌ಪುರ ಬರುವವರೆಗೂ ಹೊರಗೇ ನೋಡುತ್ತಿದ್ದಳು. ಇಳಿಯುವ ಮುಂಚೆ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅಜ್ಜಿ ಶ್ರುತಿ ಸ್ವಲ್ಪ ಇಳಿದಿತ್ತು," ಎಂದು ಪಿಸುಗುಟ್ಟಿದಳು. "ಗುರುವಾರ ಹೋಗಿ ಸರಿ ಮಾಡ್ಬೇಕು."